ಕೈಯಲ್ಲಿ 1 ಲಕ್ಷ, ಆ್ಯಪ್ ತೋರಿಸುತ್ತಿರೋದು 4 ಲಕ್ಷ. ಎಂಟಿಎಫ್ ಬಗ್ಗೆ ನನ್ನ ಲೆಕ್ಕ ಸರಿ ಇದೆಯಾ?

ಸಂತೋಷ್_ಹಾಸನ

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಷೇರು ಕೊಳ್ಳುತ್ತಿದ್ದೇನೆ, ಎಲ್ಲವೂ ಡೆಲಿವರಿ, ಪೂರ್ತಿ ದುಡ್ಡು ಕೊಟ್ಟು. ಆಪ್ಶನ್ಸ್ ಕಡೆ ತಲೆ ಹಾಕಿಲ್ಲ. ಈಗ ಬ್ರೋಕರ್ ಆ್ಯಪ್‌ನಲ್ಲಿ ಷೇರು ಕೊಳ್ಳಲು ಹೋದರೆ ಡೆಲಿವರಿ ಪಕ್ಕದಲ್ಲೇ ಎಂಟಿಎಫ್, ಅಂದರೆ ಮಾರ್ಜಿನ್ ಟ್ರೇಡಿಂಗ್ ಫೆಸಿಲಿಟಿ ಅಂತ ಇನ್ನೊಂದು ಬಟನ್ ಬರುತ್ತಿದೆ. ನನ್ನ 1 ಲಕ್ಷಕ್ಕೆ ಅವರು 3 ಲಕ್ಷ ಸಾಲ ಸೇರಿಸುತ್ತಾರೆ, ಒಟ್ಟು 4 ಲಕ್ಷದ ಷೇರು ಕೊಳ್ಳಬಹುದು. ಬಡ್ಡಿ ವರ್ಷಕ್ಕೆ 12%.

ನಾನು ಹಾಕಿದ ಲೆಕ್ಕ ಹೀಗಿದೆ. ಒಳ್ಳೆಯ ದೊಡ್ಡ ಕಂಪನಿ ಷೇರು ವರ್ಷಕ್ಕೆ 15% ಏರುತ್ತದೆ ಅಂದುಕೊಳ್ಳೋಣ. 4 ಪಟ್ಟು ಅಂದರೆ ನನಗೆ 60%. ಅದರಲ್ಲಿ ಬಡ್ಡಿ 12% ಹೋದರೆ 48% ಉಳಿಯುತ್ತದೆ. ಇಷ್ಟು ಸುಲಭ ಇದ್ದರೆ ಎಲ್ಲರೂ ಇದನ್ನೇ ಮಾಡಬೇಕಿತ್ತು ಅಲ್ವಾ? ಎಲ್ಲೋ ಏನೋ ತಪ್ಪಿದೆ ಅನಿಸುತ್ತಿದೆ. ಗೊತ್ತಿದ್ದವರು ಹೇಳಿ.

ಬುಲ್ ಬಸವ

ತಪ್ಪೇನಿಲ್ಲ ಗುರು. ಜನಕ್ಕೆ ಸಾಲ ಅಂದರೆ ಸುಮ್ನೆ ಭಯ. ನಾನು 2012ರಲ್ಲಿ ಮೈಸೂರಲ್ಲಿ 40 ಲಕ್ಷದ ಫ್ಲಾಟ್ ತೆಗೆದುಕೊಂಡೆ. ಕೈಯಿಂದ ಹಾಕಿದ್ದು 8 ಲಕ್ಷ, ಬ್ಯಾಂಕಿನದು 32 ಲಕ್ಷ. 2024ರಲ್ಲಿ ಅದಕ್ಕೆ 90 ಲಕ್ಷ ಕೊಡುತ್ತೇನೆ ಅಂತ ಒಬ್ಬರು ಬಂದಿದ್ದರು. 32 ಕಳೆದರೆ 58 ಲಕ್ಷ. 8 ಲಕ್ಷ ಇದ್ದದ್ದು 58 ಲಕ್ಷ ಆಯಿತು, ಏಳು ಪಟ್ಟು! ಸಾಲ ಇಲ್ಲದೆ ಇದು ಆಗುತ್ತಿತ್ತಾ? ಮನೆಗೆ ಆಗಿದ್ದು ಷೇರಿಗೆ ಯಾಕೆ ಆಗಬಾರದು?

ನಿಧಾನಿ

ಸಂತೋಷ್, ಮೊದಲು ನಿಮ್ಮ ಬಡ್ಡಿ ಲೆಕ್ಕ ನೋಡೋಣ. 12% ಅನ್ನೋದು ಸಾಲದ ಮೇಲೆ, ನಿಮ್ಮ 1 ಲಕ್ಷದ ಮೇಲಲ್ಲ. ಸಾಲ 3 ಲಕ್ಷ, ಬಡ್ಡಿ ವರ್ಷಕ್ಕೆ 36,000. ಅಂದರೆ ನಿಮ್ಮ ಸ್ವಂತ ಹಣದ 36%. ನೀವು 60ರಿಂದ 12 ಕಳೆದಿದ್ದೀರಿ. ಕಳೆಯಬೇಕಾದದ್ದು 36. ಉಳಿಯುವುದು 24%.

ಸೂತ್ರ ಬೇಕಿದ್ದರೆ ಇಷ್ಟೇ:

```
ಸ್ವಂತ ಹಣದ ಮೇಲಿನ ಲಾಭ% = (ಪಟ್ಟು × ಷೇರಿನ ಏರಿಕೆ%) − ((ಪಟ್ಟು − 1) × ಬಡ್ಡಿ%)
```

ಈಗ ಏರಿಕೆ ಜಾಗದಲ್ಲಿ 12 ಹಾಕಿ ನೋಡಿ. 48ರಲ್ಲಿ 36 ಹೋದರೆ 12. ಸಾಲ ಮಾಡದೆ ಸುಮ್ಮನೆ 1 ಲಕ್ಷದ ಷೇರು ಇಟ್ಟುಕೊಂಡಿದ್ದರೂ ಅದೇ 12 ಸಿಗುತ್ತಿತ್ತು. ಅಂದರೆ ಷೇರು ಬಡ್ಡಿಯಷ್ಟೇ ಏರಿದರೆ ವರ್ಷವಿಡೀ 4 ಪಟ್ಟು ಅಪಾಯ ಹೊತ್ತಿದ್ದಕ್ಕೆ ನಿಮಗೆ ಸಿಗುವ ಕೂಲಿ ಸೊನ್ನೆ. 9% ಏರಿದರೆ ಇನ್ನೂ ಮಜಾ. 36ರಲ್ಲಿ 36 ಹೋಗಿ ಏನೂ ಉಳಿಯುವುದಿಲ್ಲ. ಷೇರು ಏರಿದೆ, ಪಟ್ಟಿಯಲ್ಲಿ ಹಸಿರು ಕಾಣುತ್ತದೆ, ಕೈಗೆ ಮಾತ್ರ ಒಂದು ರೂಪಾಯಿ ಬರಲಿಲ್ಲ.

ಈಗ 15% ಇಳಿಕೆ ಹಾಕಿ. ಮೈನಸ್ 60, ಮೇಲೆ ಬಡ್ಡಿ 36. ಒಟ್ಟು ಮೈನಸ್ 96. 1 ಲಕ್ಷದಲ್ಲಿ ಉಳಿದದ್ದು 4,000 ರೂಪಾಯಿ.

ಸಾಲ ಇಲ್ಲದವನಿಗೆ 15 ಏರಿದರೆ 15 ಲಾಭ, 15 ಇಳಿದರೆ 15 ನಷ್ಟ. 4 ಪಟ್ಟಿನವನಿಗೆ ಅದೇ ಏರಿಕೆಗೆ 24, ಅದೇ ಇಳಿಕೆಗೆ 96. ಲಾಭ, ನಷ್ಟ ಎರಡೂ ಸಮನಾಗಿ ದೊಡ್ಡದಾಗುತ್ತವೆ ಅಂತ ಜನ ತಿಳಿದಿದ್ದಾರೆ. ಬಡ್ಡಿ ಯಾವಾಗಲೂ ಒಂದೇ ಕಡೆಗೆ ಎಳೆಯುವುದರಿಂದ ಹಾಗೆ ಆಗುವುದಿಲ್ಲ.

ಸಂತೋಷ್_ಹಾಸನ

ಅಬ್ಬಾ. 24 ಮತ್ತು 96. ಹೀಗೆ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಆದರೆ ನಾನು ವರ್ಷ ಇಟ್ಟುಕೊಳ್ಳಬೇಕು ಅಂತೇನಿಲ್ಲ. ಮೂರು ತಿಂಗಳಿಗೆ ಮಾರಿದರೆ?

ನಿಧಾನಿ

ಆಗ ಬಡ್ಡಿ ಕಾಲುಭಾಗ. 3 ಲಕ್ಷಕ್ಕೆ 12% ಅಂದರೆ ದಿನಕ್ಕೆ ಹತ್ತಿರ ಹತ್ತಿರ 99 ರೂಪಾಯಿ. ಶನಿವಾರ, ಭಾನುವಾರ, ಹಬ್ಬದ ರಜೆಗೂ ಓಡುತ್ತದೆ. 90 ದಿನಕ್ಕೆ 8,900ರ ಹತ್ತಿರ. 4 ಲಕ್ಷದ ಷೇರು ಸುಮಾರು 2.2% ಏರಿದರೆ ಬಡ್ಡಿ ಹುಟ್ಟುತ್ತದೆ. ಕಡಿಮೆ ದಿನವಾದರೆ ಬಡ್ಡಿ ಚಿಕ್ಕದು, ನಿಜ. ಆದರೆ ಮೂರು ತಿಂಗಳಲ್ಲಿ ಷೇರು ಯಾವ ಕಡೆ ಹೋಗುತ್ತದೆ ಅನ್ನೋದು ಹೆಚ್ಚುಕಡಿಮೆ ಅದೃಷ್ಟದ ಮಾತು.

ಶೋಭಕ್ಕ ದಾವಣಗೆರೆ

12% ಯಾಕೆ ಕೊಡುತ್ತೀಯ ತಮ್ಮಾ? ನಾನು ಬಳೆ ಅಡವಿಟ್ಟು 9%ಕ್ಕೆ ಗೋಲ್ಡ್ ಲೋನ್ ತೆಗೆದು ಮ್ಯೂಚುವಲ್ ಫಂಡ್‌ಗೆ ಹಾಕಿದ್ದೇನೆ. ಯಾವ ಬ್ಯಾಂಕಿನಲ್ಲಿ ಇನ್ನೂ ಕಡಿಮೆ ಇದೆ ಅಂತ ಯಾರಿಗಾದರೂ ಗೊತ್ತಾ? ಸೊಸೈಟಿಗಳಲ್ಲಿ ಕೇಳಬೇಕಾ?

ಆರ್‌ಎಂಎಸ್ ಡೆಸ್ಕ್

ನಾನು ಒಂದು ಬ್ರೋಕಿಂಗ್ ಕಂಪನಿಯ ರಿಸ್ಕ್ ವಿಭಾಗದಲ್ಲಿ ಕೆಲಸ ಮಾಡಿದವನು. ಮಾರ್ಜಿನ್ ಕಮ್ಮಿಯಾದ ಗ್ರಾಹಕರ ಷೇರು ಮಾರುವುದೇ ನಮ್ಮ ಕೆಲಸವಾಗಿತ್ತು. ಹಾಗಾಗಿ ಮಾರುವವರ ಕಡೆಯಿಂದ ಹೇಳುತ್ತೇನೆ.

ನಿಧಾನಿಯವರ ಲೆಕ್ಕ ಸರಿ, ಆದರೆ ಅದು ವರ್ಷದ ಕೊನೆಯವರೆಗೆ ನಿಮ್ಮ ಷೇರು ನಿಮ್ಮ ಹತ್ತಿರವೇ ಇರುತ್ತದೆ ಅಂತ ಹಿಡಿದ ಲೆಕ್ಕ. 4 ಪಟ್ಟಿನಲ್ಲಿ ಅಲ್ಲಿಯವರೆಗೆ ಉಳಿಯುವುದೇ ಕಷ್ಟ.

4 ಪಟ್ಟು ಕೊಡುತ್ತಾರೆ ಅಂದರೆ ಆ ಷೇರಿಗೆ 25% ಮಾರ್ಜಿನ್ ಬೇಕು, ಬೆಲೆಯ ಅಷ್ಟು ಭಾಗ ನಿಮ್ಮ ಸ್ವಂತ ದುಡ್ಡಿರಬೇಕು ಅಂತ. ಇದನ್ನು ಬ್ರೋಕರ್ ತನ್ನಿಷ್ಟಕ್ಕೆ ಇಟ್ಟಿದ್ದಲ್ಲ. ಕನಿಷ್ಠ ಎಷ್ಟಿರಬೇಕು ಅಂತ ಸೆಬಿ 2017ರಲ್ಲಿ ನಿಯಮ ಮಾಡಿದೆ. ಎಫ್ ಅಂಡ್ ಒ, ಅಂದರೆ ಫ್ಯೂಚರ್ಸ್, ಆಪ್ಶನ್ಸ್ ಪಟ್ಟಿಯಲ್ಲಿರುವ ಷೇರಿಗೆ ಒಂದು ಲೆಕ್ಕ, ಇಲ್ಲದ್ದಕ್ಕೆ ಅದಕ್ಕಿಂತ ಬಿಗಿಯಾದ ಲೆಕ್ಕ. ಈ 25% ಕೊಂಡ ದಿನ ಮಾತ್ರ ಇದ್ದರೆ ಸಾಲದು, ದಿನಾ ಇರಬೇಕು. ಅವತ್ತಿನ ಬೆಲೆಗೆ ಹೋಲಿಸಿ ನೋಡುತ್ತಾರೆ.

ಸಂತೋಷ್ ಅವರ 4 ಲಕ್ಷದ ಷೇರು 8% ಇಳಿಯಿತು ಅನ್ನಿ. ಈಗ ಅದರ ಬೆಲೆ 3,68,000. ಸಾಲ ಹಾಗೇ 3,00,000. ನಿಮ್ಮದು ಅಂತ ಉಳಿದದ್ದು 68,000. ಬೇಕಾದ ಮಾರ್ಜಿನ್ 3,68,000ದ 25%, ಅಂದರೆ 92,000. ಕೊರತೆ 24,000. ಫೋನಿಗೆ ಮೆಸೇಜ್ ಬರುತ್ತದೆ, ದುಡ್ಡು ಹಾಕಿ ಅಂತ. ಹಾಕದಿದ್ದರೆ ನಾವು ಮಾರುತ್ತೇವೆ.

ಎಷ್ಟು ಮಾರಬೇಕು? 24,000 ಅಲ್ಲ. 68,000 ನಾಲ್ಕನೇ ಒಂದು ಭಾಗ ಆಗಬೇಕಾದರೆ ಷೇರು 2,72,000ಕ್ಕೆ ಇಳಿಯಬೇಕು. ಅಂದರೆ 96,000 ರೂಪಾಯಿಯ ಷೇರು ಹೋಗಬೇಕು. ಬೆಲೆ 8% ಇಳಿದದ್ದಕ್ಕೆ ನಿಮ್ಮ ಷೇರಿನಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ಖಾಲಿ.

ಮುಂದಿನ ವಾರ ಬೆಲೆ ಪೂರ್ತಿ ಹಳೆಯ ಮಟ್ಟಕ್ಕೆ ವಾಪಸ್ ಬಂತು ಅನ್ನೋಣ. ನಿಮ್ಮಲ್ಲಿ ಉಳಿದ 2,72,000ದ ಷೇರು 2,95,650 ಆಗುತ್ತದೆ. ಸಾಲ 2,04,000. ನಿಮ್ಮದು 91,650. ಷೇರಿನ ಚಾರ್ಟ್ ನೋಡಿದವನಿಗೆ ಏನೂ ಆಗಿಲ್ಲ. ನಿಮಗೆ 8,350 ರೂಪಾಯಿ ಹೋಗಿದೆ, ಬಡ್ಡಿ ಬೇರೆ. ಆ ದುಡ್ಡು ಇನ್ನು ಬರುವುದಿಲ್ಲ, ಯಾಕೆಂದರೆ ಅದನ್ನು ಗಳಿಸಬೇಕಿದ್ದ ಷೇರುಗಳೇ ನಿಮ್ಮ ಹತ್ತಿರ ಇಲ್ಲ.

ಬುಲ್ ಬಸವ

ಸರ್, ಇದೆಲ್ಲ ಕಾಗದದ ಲೆಕ್ಕ. ದೊಡ್ಡ ಕಂಪನಿಗಳು, ನಿಫ್ಟಿ ಇಟಿಎಫ್ ಇಂಥದ್ದು ಒಂದೇ ದಿನ 8% ಎಲ್ಲಿ ಬೀಳುತ್ತವೆ? ಹತ್ತು ವರ್ಷಕ್ಕೆ ಒಂದು ಸಲ.

ಆರ್‌ಎಂಎಸ್ ಡೆಸ್ಕ್

2024ರ ಜೂನ್ 4 ಮರೆತುಬಿಟ್ಟಿರಾ?

ಲೋಕಸಭೆ ಚುನಾವಣೆಯ ಎಕ್ಸಿಟ್ ಪೋಲ್ ನೋಡಿ ಜೂನ್ 3ರ ಸೋಮವಾರ ನಿಫ್ಟಿ 3%ಗಿಂತ ಹೆಚ್ಚು ಜಿಗಿದು 23,263.90ಕ್ಕೆ ಮುಗಿಯಿತು. ಅವತ್ತು ಎಷ್ಟು ಜನ ಸಾಲ ಮಾಡಿ ಕೊಂಡರೋ. ಮಾರನೆಯ ದಿನ ಮತ ಎಣಿಕೆ. ನಿಫ್ಟಿ ಮುಗಿದದ್ದು 21,884.50ಕ್ಕೆ, ಒಂದೇ ದಿನದಲ್ಲಿ 5.93% ಇಳಿಕೆ. ನಡುವೆ 21,281ರವರೆಗೂ ಹೋಗಿತ್ತು, ಅದು 8.5%. ಶುಕ್ರವಾರ, ಜೂನ್ 7ಕ್ಕೆ ಮತ್ತೆ 23,290.15. ಸೋಮವಾರದ ಬೆಲೆಗಿಂತ ಸ್ವಲ್ಪ ಮೇಲೇ.

ಸೋಮವಾರ ಸಂಜೆಯ ಬೆಲೆಗೆ ನಿಫ್ಟಿಯ ಹಾಗೇ ಏರಿ ಇಳಿಯುವ 4 ಲಕ್ಷದ ಇಟಿಎಫ್ ಕೊಂಡ ಮೂವರನ್ನು ಇಟ್ಟುಕೊಳ್ಳಿ. ಮೂವರದ್ದೂ ಸ್ವಂತ 1 ಲಕ್ಷ, ಮಾರ್ಜಿನ್ 25%. ಬಡ್ಡಿ ಬಿಡೋಣ, ನಾಲ್ಕು ದಿನದ್ದು ತಾನೇ.

ಮೊದಲನೆಯವನ ಹತ್ತಿರ ಬೇರೆ ಕಡೆ ದುಡ್ಡಿತ್ತು. ಮಂಗಳವಾರ ಸಂಜೆ 17,800 ರೂಪಾಯಿ ಕೊರತೆ ಅಂತ ಮೆಸೇಜ್ ಬಂತು, ತಕ್ಷಣ ಹಾಕಿದ. ಶುಕ್ರವಾರ ಅವನಿಗೆ 450 ರೂಪಾಯಿ ಲಾಭ.

ಎರಡನೆಯವನ ಹತ್ತಿರ ದುಡ್ಡಿರಲಿಲ್ಲ. ಮಂಗಳವಾರದ ಮುಕ್ತಾಯದ ಬೆಲೆಗೆ ಅವನ 71,000 ರೂಪಾಯಿಯ ಇಟಿಎಫ್ ಮಾರಿ ಮಾರ್ಜಿನ್ ಸರಿ ಮಾಡಲಾಯಿತು. ಶುಕ್ರವಾರ ಅವನ 1 ಲಕ್ಷದಲ್ಲಿ ಉಳಿದಿದ್ದದ್ದು 95,900. ನಿಫ್ಟಿ ಮೇಲಿದೆ, ಇವನು ಕೆಳಗಿದ್ದಾನೆ.

ಮೂರನೆಯವನು ಮಧ್ಯಾಹ್ನ ಹೆದರಿದ. ಅಥವಾ ಅವನ ಬ್ರೋಕರ್ ಹೆದರಿದ. ದಿನದ ತಳದ ಹತ್ತಿರ ಎಲ್ಲ ಮಾರಿಹೋಯಿತು. ಕೈಯಲ್ಲಿ ಉಳಿದದ್ದು 66,000. ಶುಕ್ರವಾರ ಏನಾಯಿತು ಅನ್ನೋದು ಅವನಿಗೆ ಸಂಬಂಧವೇ ಇಲ್ಲ.

ಒಂದೇ ದಿನ, ಒಂದೇ ಬೆಲೆ, ಒಂದೇ ಇಟಿಎಫ್. ಮಾರುಕಟ್ಟೆ ಬಗ್ಗೆ ಮೂವರ ಅಂದಾಜೂ ಸರಿಯಾಗಿತ್ತು. ಬಸವ ಅವರೇ, ಮೂವರಲ್ಲಿ ಬೇರೆ ಇದ್ದದ್ದು ಜೇಬಿನಲ್ಲಿ ಉಳಿದಿದ್ದ ದುಡ್ಡು ಮಾತ್ರ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಆ 25% ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಷೇರಿನ ಏರಿಳಿತ ಜೋರಾದರೆ ಎಕ್ಸ್‌ಚೇಂಜ್ ಮಾರ್ಜಿನ್ ಏರಿಸುತ್ತದೆ, ಅದನ್ನು ದಿನಕ್ಕೆ ಹಲವು ಸಲ ಹೊಸದಾಗಿ ಲೆಕ್ಕ ಹಾಕುತ್ತಾರೆ. ಅಂದರೆ ಬೆಲೆ ಬಿದ್ದು ನಿಮ್ಮ ಪಾಲು ಕರಗುವ ಹೊತ್ತಿಗೇ ಬೇಕಾದ ಮಾರ್ಜಿನ್ 25ರಿಂದ 30 ಆಗಿರಬಹುದು. ಎರಡೂ ಕಡೆಯಿಂದ ಹಿಂಡುತ್ತದೆ.

ಕರಾವಳಿ ಕಿಟ್ಟ

ನಿಫ್ಟಿಯವರದ್ದು ಪುಣ್ಯ, ಮಾರಲಾದರೂ ಆಗುತ್ತದೆ. ಚಿಕ್ಕ ಕಂಪನಿ ಷೇರು ಎಂಟಿಎಫ್‌ನಲ್ಲಿ ತೆಗೆದುಕೊಂಡವರ ಪಾಡು ನೋಡಬೇಕು. ಲೋವರ್ ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಇಳಿಯಬಹುದಾದ ಮಿತಿ ಮುಟ್ಟಿದರೆ ಕೊಳ್ಳುವವರೇ ಇರುವುದಿಲ್ಲ. ಬ್ರೋಕರ್ ಮಾರುತ್ತೇನೆ ಅಂದರೂ ಮಾರಲಾಗುವುದಿಲ್ಲ.

20% ಸರ್ಕ್ಯೂಟ್ ಇರುವ ಷೇರು ಎರಡು ದಿನ ಸಾಲಾಗಿ ಬಿತ್ತು ಅನ್ನಿ. 100 ಇದ್ದದ್ದು 80, ಆಮೇಲೆ 64. ಇಂಥ ಷೇರಿಗೆ 4 ಪಟ್ಟು ಕೊಡುವುದಿಲ್ಲ, 2 ಪಟ್ಟು ಅಂದುಕೊಂಡರೂ 1 ಲಕ್ಷದಲ್ಲಿ ಉಳಿಯುವುದು 28,000. 3 ಪಟ್ಟು ಕೊಟ್ಟಿದ್ದರೆ 1 ಲಕ್ಷ ಪೂರ್ತಿ ಹೋಗಿ ಮೇಲೆ 8,000 ನಾವೇ ಬ್ರೋಕರ್‌ಗೆ ಕೊಡಬೇಕು. ನನಗೆ ಗೊತ್ತಿರುವ ಒಬ್ಬರಿಗೆ ಹೀಗೇ ಆಗಿ ಖಾತೆಯಲ್ಲಿ ಡೆಬಿಟ್ ನಿಂತಿತ್ತು. ಅದಕ್ಕೂ ಬಡ್ಡಿ ಓಡುತ್ತಿತ್ತು. ಹಾಕಿದ ದುಡ್ಡು ಹೋದರೆ ಹೋಗಲಿ ಅಂತ ಷೇರಿಗೆ ಇಳಿದವರು ಅವರು. ಹಾಕದ ದುಡ್ಡೂ ಹೋಗುತ್ತದೆ ಅಂತ ಗೊತ್ತಿರಲಿಲ್ಲ.

ನನ್ನದು ಬೇರೆ ಕಥೆ. ಆಗ ಎಂಟಿಎಫ್‌ನಲ್ಲಿ ಕೊಂಡ ದಿನ ಸಂಜೆಯೊಳಗೆ ಷೇರು ಅಡವಿಡುವ ಪ್ಲೆಡ್ಜ್ ಒಪ್ಪಿಗೆಗೆ ಲಿಂಕ್ ಬರುತ್ತಿತ್ತು, ಒಟಿಪಿ ಹಾಕಬೇಕಿತ್ತು. ನಾನು ಮದುವೆ ಮನೆಯಲ್ಲಿದ್ದೆ, ಮೆಸೇಜ್ ಸ್ಪ್ಯಾಮ್‌ಗೆ ಹೋಗಿತ್ತು. ಬ್ರೋಕರ್ ಕಡೆಯಿಂದ ಒಂದು ಫೋನೂ ಇಲ್ಲ. ಮುಂದೆ ನೋಡಿದರೆ ಷೇರು ಮಾರಿಬಿಟ್ಟಿದ್ದಾರೆ. ಕೇಳಿದರೆ ನಿಯಮ ತೋರಿಸಿದರು. ಎಲ್ಲ ಬ್ರೋಕರ್‌ಗಳೂ ಹೀಗೇ ಮಾಡುತ್ತಿದ್ದರಾ?

ಆರ್‌ಎಂಎಸ್ ಡೆಸ್ಕ್

ಸಾಲದ ಷೇರು ಪ್ಲೆಡ್ಜ್ ಆಗಲೇಬೇಕು, ಅದು ಎಲ್ಲರಿಗೂ ಒಂದೇ. ಆಗ ಒಪ್ಪಿಗೆ ಬರದಿದ್ದರೆ ಏನು ಮಾಡುತ್ತಿದ್ದರು ಅನ್ನೋದು ಬ್ರೋಕರ್‌ನಿಂದ ಬ್ರೋಕರ್‌ಗೆ ಬೇರೆ ಇತ್ತು. ಕೆಲವರು ಮಾರುತ್ತಿದ್ದರು, ಕೆಲವರು ಪೂರ್ತಿ ದುಡ್ಡು ಕೊಟ್ಟು ಡೆಲಿವರಿ ಮಾಡಿಕೊಳ್ಳಿ ಅನ್ನುತ್ತಿದ್ದರು. ಹಾಗೇ ಕೊರತೆ ಬಂದಾಗ ಎಷ್ಟು ಹೊತ್ತು ಕಾಯುತ್ತಾರೆ ಅನ್ನೋದೂ ಬೇರೆ ಬೇರೆ. ಖಾತೆ ತೆರೆಯುವಾಗ ಸಹಿ ಹಾಕಿದ ಎಂಟಿಎಫ್ ಷರತ್ತುಗಳಲ್ಲಿ ಇದೆಲ್ಲ ಇರುತ್ತದೆ. ಯಾರೂ ಓದುವುದಿಲ್ಲ, ಅದು ಬೇರೆ ಮಾತು.

ಸರ್ಕ್ಯೂಟ್ ಬಗ್ಗೆ ಹೇಳಿದ್ದು ಸರಿ. ಅದರ ಜೊತೆಗೆ ಇನ್ನೊಂದು ಸೇರಿಸುತ್ತೇನೆ. ಎಂಟಿಎಫ್‌ಗೆ ಅರ್ಹವಾದ ಷೇರುಗಳ ಪಟ್ಟಿ ಬದಲಾಗುತ್ತಿರುತ್ತದೆ. ನಿಮ್ಮ ಷೇರು ಪಟ್ಟಿಯಿಂದ ಹೊರಬಿದ್ದರೆ ಬೆಲೆ ಇಳಿಯದಿದ್ದರೂ ಸಾಲ ತೀರಿಸಬೇಕು ಅಥವಾ ಮಾರಬೇಕು.

ಬುಲ್ ಬಸವ

ಸರಿ, ಷೇರಿನದ್ದು ಒಪ್ಪಿದೆ. ಆದರೆ ನನ್ನ ಫ್ಲಾಟ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. 80% ಸಾಲ ಅಂದರೆ 5 ಪಟ್ಟು. ಎಂಟಿಎಫ್‌ಗಿಂತ ಜಾಸ್ತಿ. ನನಗ್ಯಾಕೆ ಏನೂ ಆಗಲಿಲ್ಲ?

ನಿಧಾನಿ

ಎರಡು ಕಾರಣ ಬಸವ ಅವರೇ.

ನಿಮ್ಮ ಫ್ಲಾಟಿನ ಬೆಲೆ ಬ್ಯಾಂಕಿನವರು ದಿನಾ ಬಂದು ನೋಡುವುದಿಲ್ಲ. ನಡುವೆ ಒಂದು ವರ್ಷ ಮೈಸೂರಲ್ಲಿ ಬೆಲೆ 25% ಬಿದ್ದಿದ್ದರೆ ನಿಮ್ಮ 8 ಲಕ್ಷ ಲೆಕ್ಕದಲ್ಲಿ ಪೂರ್ತಿ ಹೋಗಿರುತ್ತಿತ್ತು. ನಿಮಗೂ ಗೊತ್ತಾಗುತ್ತಿರಲಿಲ್ಲ, ಬ್ಯಾಂಕೂ ಕೇಳುತ್ತಿರಲಿಲ್ಲ. ತಿಂಗಳು ತಿಂಗಳು ಕಂತು ಬಂದರೆ ಅವರಿಗೆ ಸಾಕು. ಗೃಹ ಸಾಲದಲ್ಲಿ ನಿಮ್ಮನ್ನು ಕಾಪಾಡುವುದು ಸಂಬಳ. ಎಂಟಿಎಫ್‌ನಲ್ಲಿ ಕಾಪಾಡುವುದು ಬೆಲೆ ಮಾತ್ರ. ಕೆಲಸ ಹೋಗಿ ಕಂತು ನಿಂತಿದ್ದರೆ ಫ್ಲಾಟಿನ ಕಥೆಯೂ ಬೇರೆ ಆಗುತ್ತಿತ್ತು.

ಎರಡನೆಯದು ನಿಮ್ಮ ಏಳು ಪಟ್ಟು. 32 ಲಕ್ಷಕ್ಕೆ 20 ವರ್ಷದ ಸಾಲ, ಬಡ್ಡಿ 10% ಅಂದುಕೊಂಡರೆ ಕಂತು ತಿಂಗಳಿಗೆ 30,900ರ ಹತ್ತಿರ. 12 ವರ್ಷಕ್ಕೆ 44 ಲಕ್ಷ ಕಟ್ಟಿದ್ದೀರಿ. ಅದನ್ನು ಎಲ್ಲೂ ಸೇರಿಸಿಲ್ಲ. ಹಾಕಿದ್ದು 8 ಲಕ್ಷ ಅಲ್ಲ, 52 ಲಕ್ಷ. ಸಾಲ ಇನ್ನೂ 20 ಲಕ್ಷ ಬಾಕಿ ಇರುತ್ತದೆ. 90ರಲ್ಲಿ 20 ಕಳೆದರೆ 70. ಬಾಡಿಗೆ ಉಳಿದದ್ದು ಲಾಭ, ಅದನ್ನು ಸೇರಿಸಿಕೊಳ್ಳಿ, ರಿಪೇರಿ, ತೆರಿಗೆ ಕಳೆಯಿರಿ. ಒಳ್ಳೆಯ ವ್ಯವಹಾರವೇ. ಏಳು ಪಟ್ಟು ಮಾತ್ರ ಅಲ್ಲ.

ಬುಲ್ ಬಸವ

ಕಂತಿನಲ್ಲಿ ಬಾಡಿಗೆ ಹೋಗಿಬಿಡುತ್ತದೆ ಮೇಷ್ಟ್ರೇ, ಅದನ್ನೇನು ಲೆಕ್ಕ ಹಾಕೋದು. ನನ್ನ ದೃಷ್ಟಿಯಲ್ಲಿ ಏಳು ಪಟ್ಟೇ. 😄

ಶೋಭಕ್ಕ ದಾವಣಗೆರೆ

ಹಾಗಾದರೆ ನನ್ನ ಗೋಲ್ಡ್ ಲೋನ್‌ಗೂ ಈ ಮಾರ್ಜಿನ್ ಮೆಸೇಜ್ ಬರುತ್ತದಾ? ಫಂಡ್ ಇಳಿದರೆ ಬಳೆ ಹರಾಜು ಹಾಕುತ್ತಾರಾ?

ಆರ್‌ಎಂಎಸ್ ಡೆಸ್ಕ್

ಇಲ್ಲ ಅಕ್ಕಾ, ಫಂಡ್ ಎಷ್ಟು ಇಳಿದರೂ ಅವರು ಕೇಳುವುದಿಲ್ಲ. ನೀವು ದುಡ್ಡು ಎಲ್ಲಿ ಹಾಕಿದ್ದೀರಿ ಅನ್ನೋದು ಅವರ ಮಾರ್ಜಿನ್ ಲೆಕ್ಕದಲ್ಲಿ ಬರುವುದಿಲ್ಲ. ಅವರು ನೋಡುವುದು ಚಿನ್ನದ ಬೆಲೆ ಮತ್ತು ವಾಯಿದೆ. ಚಿನ್ನದ ರೇಟು ಜೋರಾಗಿ ಬಿದ್ದರೆ, ಅಥವಾ ವಾಯಿದೆಗೆ ದುಡ್ಡು ಕಟ್ಟದಿದ್ದರೆ ನೋಟಿಸ್ ಬರುತ್ತದೆ. ಹಾಗಾಗಿ ಷೇರು ಬಿದ್ದ ದಿನವೇ ಮಾರಬೇಕಾದ ಪರಿಸ್ಥಿತಿ ನಿಮಗೆ ಬರುವುದಿಲ್ಲ. ಸಂತೋಷ್ ಅವರದ್ದಕ್ಕಿಂತ ಅಷ್ಟರ ಮಟ್ಟಿಗೆ ವಾಸಿ.

ಆದರೆ ಪಟ್ಟಿನ ಲೆಕ್ಕ ನಿಮಗೂ ಒಂದೇ. ಫಂಡ್ ಇಳಿದ ಹೊತ್ತಿಗೇ ವಾಯಿದೆ ಬಂದರೆ ನಷ್ಟದಲ್ಲಿ ಫಂಡ್ ಮಾರಿ ಬಳೆ ಬಿಡಿಸಬೇಕು, ಇಲ್ಲ ಬೇರೆ ಕಡೆಯಿಂದ ತರಬೇಕು. ಬಡ್ಡಿ ಎಲ್ಲಿ ಕಮ್ಮಿ ಅನ್ನೋದಕ್ಕಿಂತ ಅದು ಮುಖ್ಯ.

ಶೋಭಕ್ಕ ದಾವಣಗೆರೆ

ವಾಯಿದೆ ಮಾರ್ಚ್‌ಗೆ ಇದೆ. ಸರಿ ನೋಡುತ್ತೇನೆ. ಬಡ್ಡಿ ಕಮ್ಮಿ ಇರೋ ಕಡೆ ಗೊತ್ತಿದ್ದರೆ ಆದರೂ ಹೇಳಿ.

ಸಂತೋಷ್_ಹಾಸನ

ತುಂಬಾ ತಿಳಿಯಿತು. ಈಗ ನನ್ನ ಪ್ರಶ್ನೆ ಬದಲಾಗಿದೆ. 4 ಪಟ್ಟು ಬೇಡ. ಸಾಲವೇ ಬೇಡ ಅಂತೀರಾ, ಅಥವಾ ಎಷ್ಟು ಪಟ್ಟಿನವರೆಗೆ ತಡೆದುಕೊಳ್ಳಬಹುದು ಅಂತ ಲೆಕ್ಕ ಇದೆಯಾ?

ನಿಧಾನಿ

ಲೆಕ್ಕ ಇದೆ. ಮಾರ್ಜಿನ್ 25% ಅಂತಲೇ ಇಟ್ಟುಕೊಂಡು, ಎಷ್ಟು ಇಳಿದರೆ ಮೊದಲ ಮೆಸೇಜ್ ಬರುತ್ತದೆ ಅಂತ ಕೇಳಿ.

4 ಪಟ್ಟಿಗೆ ಉತ್ತರ ಸೊನ್ನೆ. ಮೊದಲ ರೂಪಾಯಿ ಇಳಿದಾಗಲೇ ಕೊರತೆ ಶುರು, ಬ್ರೋಕರ್ ಸ್ವಲ್ಪ ಸಡಿಲ ಬಿಟ್ಟರೆ ಮಾತ್ರ ಉಸಿರು. 1 ಲಕ್ಷಕ್ಕೆ 1 ಲಕ್ಷ ಸಾಲ, ಅಂದರೆ 2 ಪಟ್ಟಾದರೆ 33% ಇಳಿಯುವವರೆಗೆ ಮೆಸೇಜ್ ಇಲ್ಲ. 1 ಲಕ್ಷಕ್ಕೆ 50,000 ಸಾಲ, ಅಂದರೆ ಒಂದೂವರೆ ಪಟ್ಟಾದರೆ 55%ವರೆಗೆ ಇಲ್ಲ.

ಇದನ್ನು ನಿಜವಾಗಿ ಆದದ್ದರ ಜೊತೆ ಇಟ್ಟು ನೋಡಿ. ಕೋವಿಡ್ ಹೊತ್ತಿಗೆ ನಿಫ್ಟಿ 2020ರ ಜನವರಿಯ 12,362ರಿಂದ ಮಾರ್ಚ್ 23ಕ್ಕೆ 7,610ಕ್ಕೆ ಬಂತು. 38% ಇಳಿಕೆ. 2 ಪಟ್ಟಿನವನಿಗೆ ಮೆಸೇಜ್ ಬಂತು, ಅವನ 1 ಲಕ್ಷದಲ್ಲಿ ಉಳಿದಿದ್ದದ್ದು 23,000. ಒಂದೂವರೆ ಪಟ್ಟಿನವನಿಗೆ ಬರಲಿಲ್ಲ. ಅವನ 1 ಲಕ್ಷವೂ 42,000ಕ್ಕೆ ಬಂದಿತ್ತು, ಆದರೆ ಷೇರು ಕೈಯಲ್ಲೇ ಇತ್ತು. ಅದೇ ವರ್ಷ ನವೆಂಬರ್‌ಗೆ ನಿಫ್ಟಿ ಹಳೆಯ ಮಟ್ಟ ದಾಟಿತು. ಬಡ್ಡಿ ಬಿಟ್ಟರೆ ಅವನಿಗೆ ಏನೂ ಹೋಗಲಿಲ್ಲ.

2008 ತೆಗೆದುಕೊಳ್ಳಿ. ಜನವರಿ 8ಕ್ಕೆ 6,288, ಅಕ್ಟೋಬರ್ 27ಕ್ಕೆ 2,524. ಅದು 60% ಇಳಿಕೆ. ಒಂದೂವರೆ ಪಟ್ಟಿನವನೂ ಉಳಿಯುತ್ತಿರಲಿಲ್ಲ.

ಇದು ಇಡೀ ಸೂಚ್ಯಂಕದ ಮಾತು. ಒಂದೇ ಕಂಪನಿ ಷೇರು 60% ಬೀಳಲು 2008 ಬರಬೇಕಾಗಿಲ್ಲ.

ಕರಾವಳಿ ಕಿಟ್ಟ

ಟ್ಯಾಕ್ಸ್ ಯಾರೂ ಹೇಳಲಿಲ್ಲ ನೋಡಿ. ಸಂತೋಷ್ ಅವರ ಮೊದಲ ಲೆಕ್ಕಕ್ಕೇ ಹಾಕೋಣ. 4 ಲಕ್ಷ 15% ಏರಿ 60,000 ಲಾಭ. ಹನ್ನೆರಡು ತಿಂಗಳು ತುಂಬುವ ಮೊದಲು ಮಾರಿದರೆ 20% ತೆರಿಗೆ, ಸೆಸ್ ಸೇರಿ 12,480. ಬಡ್ಡಿ 36,000. ಉಳಿದದ್ದು 11,520.

ಸಾಲ ಇಲ್ಲದೆ 1 ಲಕ್ಷ ಮಾತ್ರ ಹಾಕಿದ್ದರೆ ಲಾಭ 15,000, ತೆರಿಗೆ 3,120, ಉಳಿಯುವುದು 11,880.

ನಾಲ್ಕು ಪಟ್ಟು ಹಾಕಿದವನಿಗೆ ಸಾಲ ಇಲ್ಲದವನಿಗಿಂತ 360 ರೂಪಾಯಿ ಕಮ್ಮಿ! ಅದೂ ಷೇರು 15% ಏರಿದ ಒಳ್ಳೆಯ ವರ್ಷದಲ್ಲಿ.

ಬುಲ್ ಬಸವ

ಅದು ಹೇಗೆ? ಬಡ್ಡಿ ಖರ್ಚು ಅಲ್ವಾ, ಲಾಭದಲ್ಲಿ ಕಳೆದು ಉಳಿದದ್ದಕ್ಕೆ ತಾನೇ ಟ್ಯಾಕ್ಸ್? ನನ್ನ ಆಡಿಟರ್ ಕಳೆಯುತ್ತಾರೆ.

ಕರಾವಳಿ ಕಿಟ್ಟ

ನಿಮ್ಮ ಆಡಿಟರ್ ಅದನ್ನು ಬಿಸಿನೆಸ್ ಆದಾಯ ಅಂತ ತೋರಿಸುತ್ತಿರಬಹುದು. ಹಾಗಾದರೆ ಬಡ್ಡಿ ಕಳೆಯಬಹುದು, ಆದರೆ ಲಾಭ ನಿಮ್ಮ ಸ್ಲ್ಯಾಬ್‌ಗೆ ಹೋಗುತ್ತದೆ. ಕ್ಯಾಪಿಟಲ್ ಗೇನ್ ಅಂತ ತೋರಿಸಿದರೆ ಬಡ್ಡಿ ಕಳೆಯಲು ಬಿಡುವುದಿಲ್ಲ ಅಂತ ನನ್ನ ಆಡಿಟರ್ ಹೇಳುತ್ತಾರೆ.

ನಿಧಾನಿ

ಆ ವಿಷಯದಲ್ಲಿ ಬಡ್ಡಿಯನ್ನು ಕೊಂಡ ಬೆಲೆಗೆ ಸೇರಿಸಬಹುದು ಅಂತ ವಾದಿಸುವವರೂ ಇದ್ದಾರೆ, ಹಿಂದೆ ಕೇಸುಗಳು ಎರಡೂ ಕಡೆಗೆ ಆಗಿವೆ. ಇಲ್ಲಿ ಕೂತು ತೀರ್ಮಾನ ಮಾಡುವುದು ಬೇಡ. ಕಿಟ್ಟ ಅವರ ಲೆಕ್ಕಕ್ಕೆ ಒಂದು ಮಾತು ಸೇರಿಸುತ್ತೇನೆ. ಹನ್ನೆರಡು ತಿಂಗಳು ದಾಟಿ ಮಾರಿದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಬೇರೆ ಲಾಭ ಇಲ್ಲದಿದ್ದರೆ 60,000 ಅದರೊಳಗೇ ಬರುತ್ತದೆ. ಆಗ 24,000ಕ್ಕೆ ಎದುರು 15,000. ಪರವಾಗಿಲ್ಲ ಅನಿಸುತ್ತದೆ. ಆದರೆ ಅಷ್ಟು ದಿನ 4 ಪಟ್ಟಿನಲ್ಲಿ ಒಂದು ಮೆಸೇಜೂ ಬರದೆ ಉಳಿಯಬೇಕಲ್ಲ.

ಬುಲ್ ಬಸವ

ನಾನಂತೂ ಒಪ್ಪುವುದಿಲ್ಲ. ಕೈಯಲ್ಲಿ ಮೀಸಲು ದುಡ್ಡು ಇಟ್ಟುಕೊಂಡು 2 ಪಟ್ಟು ಮಾಡಿದರೆ ಏನೂ ಆಗುವುದಿಲ್ಲ. ಜೂನ್ 4ರ ಮೊದಲನೆಯವನ ಹಾಗೆ.

ಆರ್‌ಎಂಎಸ್ ಡೆಸ್ಕ್

ಮೀಸಲು ದುಡ್ಡು ಇದ್ದರೆ ಸರಿ. ಆದರೆ 1 ಲಕ್ಷ ಹಾಕಿ, 1 ಲಕ್ಷ ಸಾಲ ಮಾಡಿ, ಇನ್ನೊಂದು 50,000 ಬ್ಯಾಂಕಿನಲ್ಲಿ 3%ಗೆ ಇಟ್ಟುಕೊಂಡಿದ್ದೀರಿ ಅಂದರೆ 12%ಗೆ ಸಾಲ ಮಾಡಿದವರು ಅದರ ಅರ್ಧದಷ್ಟು ದುಡ್ಡನ್ನು 3%ಗೆ ಕೊಟ್ಟ ಹಾಗಾಯಿತು. ಆ 50,000ಕ್ಕೇ ಷೇರು ಕೊಂಡು ಸಾಲ ಅಷ್ಟು ಕಮ್ಮಿ ಮಾಡಿದರೆ ಬಡ್ಡಿ ಉಳಿಯುತ್ತದೆ. ಹಾಗೆ ಮಾಡಿದರೆ ಮೀಸಲು ಇರುವುದಿಲ್ಲ. ಎರಡರಲ್ಲಿ ಯಾವುದು ಸರಿ ಅನ್ನೋದಕ್ಕೆ ನನ್ನ ಹತ್ತಿರವೂ ಒಂದೇ ಉತ್ತರ ಇಲ್ಲ. ಡೆಸ್ಕಿನಲ್ಲಿ ನೋಡಿದ ಮಟ್ಟಿಗೆ ಮೀಸಲು ಅಂತ ಇಟ್ಟವರು ಮೊದಲ ಇಳಿಕೆಗೇ ಅದರಲ್ಲಿ ಇನ್ನಷ್ಟು ಕೊಂಡುಬಿಡುತ್ತಿದ್ದರು.

ಸಂತೋಷ್_ಹಾಸನ

ಸದ್ಯಕ್ಕೆ ಡೆಲಿವರಿಯಲ್ಲೇ ಇರುತ್ತೇನೆ. ಮುಂದೆ ಮಾಡಿದರೂ 1 ಲಕ್ಷಕ್ಕೆ 25,000 ಸಾಲ ಮೀರುವುದಿಲ್ಲ. ಒಂದು ಕೊನೆಯ ಪ್ರಶ್ನೆ. ಕೊಳ್ಳುವ ಮೊದಲು ಆ ಷೇರಿಗೆ ಎಷ್ಟು ಮಾರ್ಜಿನ್ ಅಂತ ಎಲ್ಲಿ ನೋಡಬೇಕು? ಆ್ಯಪ್‌ನಲ್ಲಿ ಬರೀ "4x" ಅಂತ ಇದೆ.

ಆರ್‌ಎಂಎಸ್ ಡೆಸ್ಕ್

100ನ್ನು ಆ ಸಂಖ್ಯೆಯಿಂದ ಭಾಗಿಸಿ. 4x ಅಂದರೆ 25%, 3x ಅಂದರೆ 33%, 2.5x ಅಂದರೆ 40%. ಆದರೆ ಅದು ಇವತ್ತಿನದ್ದು. ಬ್ರೋಕರ್‌ನ ವೆಬ್‌ಸೈಟಿನಲ್ಲಿ ಎಂಟಿಎಫ್ ಷೇರುಗಳ ಪಟ್ಟಿ ಇರುತ್ತದೆ, ಅದನ್ನು ಒಂದೆರಡು ವಾರ ಬಿಟ್ಟು ಬಿಟ್ಟು ನೋಡಿ. ಒಂದೇ ಷೇರಿಗೆ 4x ಇದ್ದದ್ದು 3x ಆಗಿ, ಮತ್ತೆ ಮೇಲೆ ಹೋಗಿದ್ದರೆ ಅಂಥದ್ದರಲ್ಲಿ ಸಾಲ ಮಾಡಬೇಡಿ. ನೀವು 4xಗೆ ಕೊಂಡ ಮೇಲೆ ಅದು 3x ಆದರೆ, ಬೆಲೆ ಒಂದು ಪೈಸೆ ಇಳಿಯದಿದ್ದರೂ 4 ಲಕ್ಷಕ್ಕೆ 33,000 ಕೊರತೆ ಬರುತ್ತದೆ.

ಶೋಭಕ್ಕ ದಾವಣಗೆರೆ

ಇಲ್ಲೊಬ್ಬರು 8.75% ಅಂತ ಹೇಳಿದರು, ಬೇಕಾದವರು ಮೆಸೇಜ್ ಮಾಡಿ.